ಪುಣೆಗೆ ಕೋಡುಬಳೆಯೋ, ತುಮಕೂರಿಗೆ ನಿಪ್ಪಟ್ಟೋ?

ತುಮಕೂರಿನ ಸುತ್ತ ಹತ್ತು ರೂಪಾಯಿಯ ಕೋಡುಬಳೆ ಪ್ಯಾಕೆಟ್ ಮಾರುವ ಒಂದು ಸಣ್ಣ ಕಾರ್ಖಾನೆಯಿದೆ ಎಂದುಕೊಳ್ಳಿ. ವ್ಯಾಪಾರಕ್ಕೇನೂ ಕೊರತೆಯಿಲ್ಲ, ಆದರೆ ಅದು ಬೆಳೆಯುತ್ತಲೂ ಇಲ್ಲ. ಮಾಲೀಕರ ತಲೆಯಲ್ಲಿ ಎರಡು ಯೋಚನೆಗಳು: ಇದೇ ಕೋಡುಬಳೆಯನ್ನು ಪುಣೆಗೆ ಕಳಿಸುವುದು, ಇಲ್ಲವೇ ಈಗಿನ ಅಂಗಡಿಗಳಿಗೇ ನಿಪ್ಪಟ್ಟನ್ನೂ ಕೊಡುವುದು.

ಇಂಥ ಗೊಂದಲಕ್ಕೆಂದೇ ಇಗೋರ್ ಆನ್ಸಾಫ್ 1957ರಲ್ಲಿ ನಾಲ್ಕು ಮನೆಗಳ ಒಂದು ಚೌಕ ಬರೆದರು. ಸರಕು ಹಳೆಯದೋ ಹೊಸದೋ, ಮಾರುಕಟ್ಟೆ ಹಳೆಯದೋ ಹೊಸದೋ, ಅಷ್ಟೇ ಅದರ ಲೆಕ್ಕ. ಹಳೆಯ ಸರಕನ್ನೇ ಹಳೆಯ ಊರಲ್ಲಿ ಹೆಚ್ಚು ಮಾರುವುದರಲ್ಲಿ ಅಪಾಯ ಕಡಿಮೆ. ಎರಡೂ ಹೊಸದಾದರೆ ಅತಿ ಹೆಚ್ಚು. ನಮ್ಮ ಮಾಲೀಕರು ನಡುವಿನ ಎರಡು ಮನೆಗಳಲ್ಲಿದ್ದಾರೆ. ಇವೆರಡರಲ್ಲಿ ಯಾವುದು ಮೇಲು ಎಂದು ಚೌಕ ಹೇಳುವುದಿಲ್ಲ. ಅದನ್ನು ಪೈಸೆಯ ಲೆಕ್ಕದಲ್ಲೇ ನೋಡಬೇಕು.

ಅಂಗಡಿ, ಡಿಸ್ಟ್ರಿಬ್ಯೂಟರ್, ತೆರಿಗೆ ಕಳೆದು ಕಾರ್ಖಾನೆಗೆ 7 ರೂಪಾಯಿ ಬರುತ್ತದೆ ಎನ್ನೋಣ. ತಯಾರಿಕೆಗೆ 5.80. ಹತ್ತಿರದ ಊರಿಗೆ ಸಾಗಿಸಲು 30 ಪೈಸೆ ಹೋದರೆ ಉಳಿಯುವುದು 90 ಪೈಸೆ. ಪುಣೆಗಾದರೆ ಸಾಗಣೆಗೇ 70 ಪೈಸೆ, ಅಲ್ಲಿನ ಸೂಪರ್ ಸ್ಟಾಕಿಸ್ಟ್‌ಗೆ 40 ಪೈಸೆ. ಉಳಿಯುವುದು 10 ಪೈಸೆ. ಕುರುಕಲು ತಿಂಡಿಯ ಪ್ಯಾಕೆಟ್ ಉಬ್ಬಿರುತ್ತದೆ, ಹಾಗಾಗಿ ಲಾರಿಯಲ್ಲಿ ತೂಕಕ್ಕಿಂತ ಮೊದಲು ಜಾಗ ಮುಗಿಯುತ್ತದೆ. ಬಾಡಿಗೆಯ ಬಹುಪಾಲು ಗಾಳಿಗೇ ಕೊಟ್ಟಂತೆ. ಮೇಲಾಗಿ, ದಾರಿಯಲ್ಲೂ ಗೋದಾಮಿನಲ್ಲೂ ದಿನ ಕಳೆದಷ್ಟೂ ಎಣ್ಣೆ ಕಮಟಾಗುತ್ತದೆ. ಅವಧಿ ಮುಗಿದ ಒಂದು ಪ್ಯಾಕೆಟ್ ವಾಪಸ್ ಬಂದು 7 ರೂಪಾಯಿ ಹಿಂದಿರುಗಿಸಿದರೆ, 70 ಪ್ಯಾಕೆಟ್‌ಗಳ ಲಾಭ ಹೋಯಿತು.

ಹಾಗಾದರೆ ನಿಪ್ಪಟ್ಟೇ ಸುಲಭವೇ? ಬಾಣಲೆ ಅದೇ, ಅಂಗಡಿ ಅದೇ, ಓಡಾಡುವ ವ್ಯಾನೂ ಅದೇ. ಆದರೆ ಅಂಗಡಿಯಲ್ಲಿ ತೂಗುಹಾಕುವ ಜಾಗವೂ ಅದೇ, ಗಿರಾಕಿಯ ಕೈಯಲ್ಲಿನ ಹತ್ತು ರೂಪಾಯಿಯೂ ಅದೇ. ವಾರಕ್ಕೆ ಹತ್ತು ಸರ ಕೋಡುಬಳೆ ಹೋಗುತ್ತಿದ್ದ ಅಂಗಡಿಯಲ್ಲಿ ಆರು ಸರ ನಿಪ್ಪಟ್ಟು ಹೋಯಿತು, ಆದರೆ ಕೋಡುಬಳೆ ಆರಕ್ಕೆ ಇಳಿಯಿತು ಎನ್ನಿ. ಪುಸ್ತಕದಲ್ಲಿ ಆರು ಹೊಸ ಸರ ಕಂಡರೂ ನಿಜವಾಗಿ ಹೆಚ್ಚಿದ್ದು ಎರಡೇ.

ಎರಡರಲ್ಲೂ ಮೊದಲ ಆರ್ಡರ್ ನಂಬಬಾರದು. ಸ್ಕೀಮ್ ಕೊಟ್ಟರೆ ಯಾವ ಅಂಗಡಿಯವರೂ ಒಮ್ಮೆ ಇಟ್ಟುಕೊಳ್ಳುತ್ತಾರೆ. ಒಂದೇ ತಾಲ್ಲೂಕಿನ ಐವತ್ತು ಅಂಗಡಿಗಳಿಗೆ ಕೊಟ್ಟು, ಸ್ಕೀಮ್ ನಿಂತ ಮೇಲೆ ಮೂರನೇ ಬಾರಿ ತಾವಾಗಿಯೇ ಕೇಳಿದವರೆಷ್ಟು ಎಂದು ಎಣಿಸಬೇಕು. ಡಿಸ್ಟ್ರಿಬ್ಯೂಟರ್ ಗೋದಾಮಿಗೆ ಸರಕು ಹೋದದ್ದನ್ನೇ ಮಾರಾಟ ಎಂದುಕೊಂಡವರಿಗೆ ನಿಜ ಗೊತ್ತಾಗುವುದು ವಾಪಸಾತಿ ಬಂದಾಗ.

ನನ್ನನ್ನು ಕೇಳಿದರೆ, ಹೊಸ ಮಾರುಕಟ್ಟೆ ಎಂದರೆ ದೂರದ ಊರೇ ಆಗಬೇಕಿಲ್ಲ. ಅದೇ ಕೋಡುಬಳೆಯನ್ನು ಐದು ಕೆಜಿ ಚೀಲದಲ್ಲಿ ತುಂಬಿ ತುಮಕೂರಿನ ಮದುವೆ ಅಡುಗೆಯವರಿಗೆ ಕೊಡಬಹುದು. ಉಬ್ಬಿದ ಪ್ಯಾಕೆಟ್ ಬೇಡ, ಸೂಪರ್ ಸ್ಟಾಕಿಸ್ಟ್ ಬೇಡ, ಎರಡೇ ದಿನದಲ್ಲಿ ಖಾಲಿಯಾಗುವುದರಿಂದ ಕಮಟಾಗುವ ಭಯವೂ ಇಲ್ಲ. ತೊಡಕಿರುವುದು ಉದ್ದರಿಯಲ್ಲಿ: ಕಡಲೆಹಿಟ್ಟಿನ ವ್ಯಾಪಾರಿಗೆ ಈ ವಾರವೇ ದುಡ್ಡು ಕೊಡಬೇಕು, ಅಡುಗೆಯವರು ಕೊಡುವುದು ಲಗ್ನದ ಸೀಸನ್ ಮುಗಿದ ಮೇಲೆ.