ಎಲೆ ನೋಡಿ ಬೇರು ಹೇಳುವ ಮೂವತ್ತೈದು ನಿಮಿಷ

ಗಿಡವನ್ನು ಕೀಳದೆ, ಬರೀ ಎಲೆ ನೋಡಿ ಮಣ್ಣಿನೊಳಗೆ ಬೇರು ಹೇಗಿದೆ ಎಂದು ಹೇಳಬಹುದೇ? ಐದನೇ ತರಗತಿಯ ಪರಿಸರ ಅಧ್ಯಯನದ ಒಂದು ಅವಧಿಗೆ ಈ ಒಂದೇ ಪ್ರಶ್ನೆ ಸಾಕು. ಶಾಲೆಯ ಕೈತೋಟಕ್ಕೆ ಮಕ್ಕಳನ್ನು ಕರೆದೊಯ್ಯುವ ಎಷ್ಟೋ ಪಾಠಗಳು ಸೊರಗುವುದು ಪ್ರಶ್ನೆ ಇಲ್ಲದೆ ಹೊರಡುವುದರಿಂದ. ಬೇರು, ಕಾಂಡ, ಎಲೆ, ಹೂವು, ಹಣ್ಣು ಎಲ್ಲವನ್ನೂ ಒಂದೇ ಸುತ್ತಿನಲ್ಲಿ ತೋರಿಸಲು ಹೋದರೆ ಶಿಕ್ಷಕಿ ಮುಂದೆ ನಡೆಯುತ್ತಾ ಹೆಸರು ಹೇಳುತ್ತಾರೆ, ಮುಂದಿನ ಸಾಲಿನ ನಾಲ್ಕು ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಹಿಂದಿನವರು ಚಿಟ್ಟೆ ಹಿಡಿಯುತ್ತಾರೆ. ಅಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಮೂವತ್ತು ಮಕ್ಕಳಿರುವ ತರಗತಿ ಎಂದುಕೊಳ್ಳೋಣ. ಕೋಣೆಯೊಳಗೆ ಮೊದಲ ಐದು ನಿಮಿಷ. ತೋಟಕ್ಕೆ ಹೋಗಲು ಎರಡು, ಅಲ್ಲಿ ಹನ್ನೆರಡು, ಮರಳಲು ಎರಡು. ಮತ್ತೆ ಕೋಣೆಯಲ್ಲಿ ಮಾತುಕತೆಗೆ ಒಂಬತ್ತು, ಕೊನೆಯ ಐದು ಮೌಲ್ಯಮಾಪನಕ್ಕೆ. ನಡೆದು ಹೋಗುವ ನಾಲ್ಕು ನಿಮಿಷವನ್ನು ಪಾಠ ಯೋಜನೆಯಲ್ಲಿ ಬರೆಯದವರೇ ಹೆಚ್ಚು. ಆ ನಾಲ್ಕು ನಿಮಿಷ ಕೊನೆಗೆ ಮೌಲ್ಯಮಾಪನವನ್ನೇ ನುಂಗುತ್ತದೆ.

ಸಿದ್ಧತೆ ಶುರುವಾಗುವುದು ಮೂರು ವಾರ ಮೊದಲು. ಒಂದು ಪಾತಿಯಲ್ಲಿ ಹರಿವೆ ಬೀಜ, ಪಕ್ಕದ ಪಾತಿಯಲ್ಲಿ ರಾಗಿ ಚೆಲ್ಲಿದರೆ ಪಾಠದ ದಿನಕ್ಕೆ ಕೀಳಲು ಬರುವಷ್ಟು ಸಸಿಗಳಿರುತ್ತವೆ. ಬೀಜದಿಂದಲೇ ಬೆಳೆಸಬೇಕೆನ್ನುವುದಕ್ಕೆ ಕಾರಣವಿದೆ. ದಾಸವಾಳವನ್ನು ನಾವು ಕಡ್ಡಿ ನೆಟ್ಟು ಬೆಳೆಸುತ್ತೇವೆ. ಕಡ್ಡಿಯ ಬುಡದಿಂದ ಹಲವು ಬೇರುಗಳು ಒಡೆಯುತ್ತವೆಯೇ ಹೊರತು ನಡುವಿನ ತಾಯಿ ಬೇರು ಹುಟ್ಟುವುದಿಲ್ಲ. ದೊಡ್ಡಪತ್ರೆಯದೂ ಇದೇ ಕಥೆ. ಇದನ್ನು ಗಮನಿಸದೆ ಕಡ್ಡಿಯಿಂದ ಬಂದ ದಾಸವಾಳವನ್ನು ಅಗೆದು ತೋರಿಸಿದರೆ, ಶಿಕ್ಷಕಿ ಹೇಳಲಿರುವುದಕ್ಕೆ ತದ್ವಿರುದ್ಧವಾದದ್ದು ಮಕ್ಕಳ ಕಣ್ಣ ಮುಂದೆ ನಿಂತಿರುತ್ತದೆ. ಎಲೆ ನೋಡುವುದಕ್ಕೆ ದಾಸವಾಳ ಒಳ್ಳೆಯದು, ಬೇರು ನೋಡುವುದಕ್ಕೆ ಬೇಡ.

ಹಿಂದಿನ ಸಂಜೆ ಎರಡೂ ಪಾತಿಗೆ ಚೆನ್ನಾಗಿ ನೀರು ಹಾಯಿಸಬೇಕು. ಒಣ ಮಣ್ಣಿನಲ್ಲಿ ಜಗ್ಗಿದರೆ ಹರಿವೆಯ ಬೇರು ನಡುವೆಯೇ ತುಂಡಾಗಿ ಪಾಠವೂ ಅಲ್ಲಿಗೇ ನಿಲ್ಲುತ್ತದೆ. ತೋಟವನ್ನು ಒಮ್ಮೆ ಸುತ್ತಿ, ನೋಡಬೇಕಾದ ಗಿಡಗಳಿಗೆ ಸಂಖ್ಯೆ ಬರೆದ ರಟ್ಟು ಕಟ್ಟುವುದೂ ಆಗಲೇ ಆಗಬೇಕು. ಕಾಂಗ್ರೆಸ್ ಗಿಡ ಇದ್ದರೆ ಮೊದಲೇ ಕೀಳಿಸಬೇಕು, ಕೆಲವರ ಚರ್ಮಕ್ಕೆ ಅದು ತುರಿಕೆ ತರುತ್ತದೆ. ಕಣಗಿಲೆ, ಉಮ್ಮತ್ತಿ ವಿಷದ ಗಿಡಗಳು, ಅವುಗಳ ಹತ್ತಿರ ಯಾವ ಗುಂಪನ್ನೂ ಬಿಡಬಾರದು. ಇರುವೆ ಗೂಡು ಎಲ್ಲಿದೆ ಎಂದೂ ನೋಡಿಕೊಂಡಿರಬೇಕು.

ಪಾಠದ ಮೊದಲ ಐದು ನಿಮಿಷದಲ್ಲಿ ಶಿಕ್ಷಕಿ ಏನನ್ನೂ ವಿವರಿಸುವುದಿಲ್ಲ. ಒಂದು ಅವರೆ ಎಲೆ, ಒಂದು ಜೋಳದ ಗರಿ ತೋರಿಸಿ, “ಇವೆರಡರ ಬೇರು ಒಂದೇ ತರ ಇರುತ್ತಾ?” ಎಂದು ಕೇಳುತ್ತಾರೆ. ಮಕ್ಕಳು ಹೇಳಿದ್ದನ್ನೆಲ್ಲ, ತಪ್ಪಿದ್ದರೂ, ಕಪ್ಪು ಹಲಗೆಯ ಒಂದು ಮೂಲೆಯಲ್ಲಿ ಬರೆದಿಡುತ್ತಾರೆ. ಕರ್ನಾಟಕದ ಶಿಕ್ಷಕರಿಗೆ ಪರಿಚಿತವಾದ ಐದು ‘ಇ’ ಮಾದರಿಯಲ್ಲಿ ವಿವರಣೆ ಬರುವುದು ಅನ್ವೇಷಣೆಯ ನಂತರ. ಈ ಕ್ರಮ ತಿರುವು ಮುರುವಾಗಿ, ಕೋಣೆಯಲ್ಲೇ ಎಲ್ಲ ಹೇಳಿ ಮುಗಿಸಿ ತೋಟಕ್ಕೆ ಹೋದರೆ ಮಕ್ಕಳಿಗೆ ಅಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. ಹೊರಡುವ ಮೊದಲೇ ಐದೈದು ಮಕ್ಕಳ ಆರು ಗುಂಪು ಮಾಡಿ, ಪ್ರತಿ ಗುಂಪಿಗೆ ಎರಡು ಗಿಡದ ಸಂಖ್ಯೆ, ಎರಡು ಬಿಳಿ ಹಾಳೆ, ಒಂದು ಮೇಣದ ಬಣ್ಣದ ಕಡ್ಡಿ ಕೊಡಬೇಕು. ತೋಟದಲ್ಲಿ ನಿಂತು ಗುಂಪು ಮಾಡಲು ಹೋದರೆ ಹನ್ನೆರಡರಲ್ಲಿ ಐದು ನಿಮಿಷ ಅದಕ್ಕೇ ಹೋಗುತ್ತದೆ.

ತೋಟದಲ್ಲಿ ಮೊದಲ ಎಂಟು ನಿಮಿಷ ಎಲೆಯದು. ಎಲೆಯನ್ನು ಬಿಸಿಲಿಗೆ ಹಿಡಿದಾಗ ಅದರ ನರಗಳು ಸ್ಪಷ್ಟವಾಗುತ್ತವೆ. ಆಮೇಲೆ ಎಲೆಯನ್ನು ಬೆನ್ನು ಮೇಲಾಗಿ ರಟ್ಟಿನ ಮೇಲಿಟ್ಟು, ಮೇಲೆ ಹಾಳೆ ಹರಡಿ, ಬಣ್ಣದ ಕಡ್ಡಿಯನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜಬೇಕು. ನರಗಳು ಉಬ್ಬಿರುವುದು ಎಲೆಯ ಬೆನ್ನಿನಲ್ಲಿ, ಹಾಗಾಗಿ ಅಚ್ಚು ಚೆನ್ನಾಗಿ ಮೂಡುವುದೂ ಅಲ್ಲೇ. ಬದನೆ, ಹರಿವೆ, ದಾಸವಾಳದ ಹಾಳೆಯಲ್ಲಿ ಬಲೆ ಹೆಣೆದಂತೆ ಗೆರೆಗಳು ಬರುತ್ತವೆ. ರಾಗಿ, ಜೋಳ, ಗರಿಕೆಯಲ್ಲಿ ಬುಡದಿಂದ ತುದಿಗೆ ಒಂದರ ಪಕ್ಕ ಒಂದು ಓಡುವ ಗೆರೆಗಳು. ಅಚ್ಚಿನ ಕೆಳಗೆ ಪ್ರತಿ ಗುಂಪೂ ತಾನು ಊಹಿಸಿದ ಬೇರಿನ ಚಿತ್ರ ಬಿಡಿಸಬೇಕು.

ಬಾಳೆಯ ಬಳಿ ಜಗಳ ಖಚಿತ. “ಟೀಚರ್, ಇದರಲ್ಲಿ ನಡುವೆ ದಿಂಡಿದೆ, ಅಕ್ಕಪಕ್ಕ ಗೆರೆ ಹೋಗಿದೆ, ಇದು ಬದನೆ ತರಾನೇ” ಎನ್ನುವ ಮಗು ಸರಿಯಾಗಿಯೇ ನೋಡಿದೆ. ನಡುವಿನ ದಿಂಡು ಎರಡೂ ಬಗೆಯಲ್ಲಿ ಇರಬಹುದು. ನೋಡಬೇಕಾದದ್ದು ದಿಂಡಿನಿಂದ ಹೊರಟ ಸಣ್ಣ ಗೆರೆಗಳನ್ನು. ಬಾಳೆಯಲ್ಲಿ ಅವು ಅಂಚಿನವರೆಗೆ ಜೊತೆಜೊತೆಯಾಗಿ ಓಡುತ್ತವೆ. ಗಾಳಿಗೆ ಬಾಳೆ ಎಲೆ ಅಡ್ಡಡ್ಡ ಪಟ್ಟಿಗಳಾಗಿ ನೇರವಾಗಿ ಸೀಳುವುದು ಅದಕ್ಕೇ. ಬದನೆ ಎಲೆ ಹರಿದರೆ ಅಂಕುಡೊಂಕಾಗಿ ಹರಿಯುತ್ತದೆ. ಎರಡನ್ನೂ ಒಮ್ಮೆ ಕೈಯಿಂದ ಹರಿದು ನೋಡಲು ಹೇಳಿದರೆ ಮಾತು ಬೇಕಾಗುವುದಿಲ್ಲ. ನುಗ್ಗೆ, ಕರಿಬೇವಿನಲ್ಲಿ ಇನ್ನೊಂದು ತೊಡಕು: ಮಕ್ಕಳು ಕಿರುಎಲೆಯೊಂದನ್ನು ಕಿತ್ತು ಅದೇ ಎಲೆ ಎನ್ನುತ್ತಾರೆ. ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಪುಟ್ಟ ಮೊಗ್ಗಿರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಆದರೆ ಅದು ಬೇರೆಯೇ ದಿನದ ಪಾಠ, ಇಂದು ಈ ಎರಡು ಗಿಡಗಳನ್ನು ಪಟ್ಟಿಯಿಂದ ಕೈಬಿಡುವುದು ವಾಸಿ.

ಕೊನೆಯ ನಾಲ್ಕು ನಿಮಿಷಕ್ಕೆ ಎಲ್ಲರೂ ಪಾತಿಯ ಸುತ್ತ. ಶಿಕ್ಷಕಿ ಕುರ್ಪಿಯಿಂದ ಸುತ್ತಲ ಮಣ್ಣನ್ನು ಸಡಿಲಿಸಿ ಒಂದು ಹರಿವೆ, ಒಂದು ರಾಗಿ ಸಸಿ ಎತ್ತಿ ಬಕೆಟ್ ನೀರಿನಲ್ಲಿ ಅದ್ದುತ್ತಾರೆ. ಮಣ್ಣು ಕರಗಿದಂತೆ ಹರಿವೆಯಲ್ಲಿ ನಡುವಿನ ಒಂದು ದಪ್ಪ ಬೇರು, ಅದರಿಂದ ಕವಲೊಡೆದ ಸಣ್ಣವು ಕಾಣುತ್ತವೆ. ರಾಗಿಯ ಬುಡದಲ್ಲಿ ಹೆಚ್ಚುಕಡಿಮೆ ಒಂದೇ ದಪ್ಪದ ಎಳೆಗಳ ಗೊಂಚಲು. ಈ ಹೊತ್ತಿನಲ್ಲಿ ಶಿಕ್ಷಕಿ ಮಾತಾಡದಿದ್ದರೆ ಮಕ್ಕಳೇ ಮಾತಾಡುತ್ತಾರೆ.

ಕೋಣೆಗೆ ಮರಳಿದ ಮೇಲೆ ಆರೂ ಗುಂಪಿನ ಹಾಳೆಗಳನ್ನು ಹಲಗೆಗೆ ಅಂಟಿಸಿ, ಬಲೆ ಗೆರೆಯವು ಒಂದು ಕಡೆ, ಓಟದ ಗೆರೆಯವು ಇನ್ನೊಂದು ಕಡೆ ಮಾಡಿಸಬೇಕು. ತಾಯಿ ಬೇರು, ತಂತು ಬೇರು ಎಂಬ ಹೆಸರು ಬರುವುದು ಈಗ. ಮೂಲೆಯಲ್ಲಿ ಬರೆದಿಟ್ಟ ಊಹೆಗಳನ್ನು ಮಕ್ಕಳೇ ಒಂದೊಂದಾಗಿ ಉಳಿಸುತ್ತಾರೆ ಅಥವಾ ಅಳಿಸುತ್ತಾರೆ. ಬಹುಪಾಲು ಗಿಡಗಳಿಗೆ ಈ ಹೊಂದಿಕೆ ನಿಜ, ಎಲ್ಲಕ್ಕೂ ಅಲ್ಲ. ಕೆಸುವಿನ ಎಲೆಯಲ್ಲಿ ಬಲೆಯಂಥ ಗೆರೆಗಳಿದ್ದರೂ ಬೇರು ತಂತಿನದೇ. ಯಾವುದಾದರೂ ಮಗು ಅದನ್ನು ಕೇಳಿದರೆ ಮುಚ್ಚಿಡದೆ ಹೇಳಬೇಕು. ಯಾರೂ ಕೇಳದಿದ್ದರೆ ಮೊದಲ ದಿನವೇ ಅದನ್ನು ಎತ್ತುವ ಅಗತ್ಯವಿಲ್ಲ.

ಮೌಲ್ಯಮಾಪನದಲ್ಲಿ “ತಾಯಿ ಬೇರು ಎಂದರೇನು?” ಎಂದು ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ. ಅದರ ಬದಲು ಮಕ್ಕಳು ತೋಟದಲ್ಲಿ ನೋಡದ ಎರಡು ಎಲೆ, ಅಂದರೆ ಮೆಂತ್ಯದ್ದೊಂದು, ಭತ್ತದ್ದೊಂದು ಕೊಟ್ಟು, ಪ್ರತಿ ಮಗುವೂ ತನ್ನ ನೋಟ್ ಪುಸ್ತಕದಲ್ಲಿ ಅವುಗಳ ಬೇರಿನ ಚಿತ್ರ ಬಿಡಿಸಲಿ. ಐದು ನಿಮಿಷ ಸಾಕು. ಇಬ್ಬರು ಮೂವರು ತಪ್ಪಿದರೆ ಅವರಿಗೆ ಎಲೆಯನ್ನು ಮತ್ತೆ ಬಿಸಿಲಿಗೆ ಹಿಡಿಸಬಹುದು. ಅರ್ಧ ತರಗತಿ ತಪ್ಪಿದರೆ ಅಚ್ಚು ಸರಿಯಾಗಿ ಮೂಡಿಲ್ಲ, ಇಲ್ಲವೇ ಬಕೆಟ್ಟಿನ ಬೇರು ಹಿಂದಿನವರಿಗೆ ಕಂಡಿಲ್ಲ. ಮರುದಿನ ಸಸಿಗಳನ್ನು ಗುಂಪಿಗೊಂದರಂತೆ ಕೈಗೇ ಕೊಡಬೇಕಾಗುತ್ತದೆ.

ಮಳೆ ಬಂದ ದಿನ ಪಾತಿಯಿಂದ ಆರಾರು ಸಸಿ ಕಿತ್ತು ತಂದು ಜಗುಲಿಯಲ್ಲೇ ಪಾಠ ನಡೆಸಬಹುದು. ಮನೆಗೆಲಸಕ್ಕೆ ಬೇರು ಸಮೇತ ಮಾರುವ ಕೊತ್ತಂಬರಿ ಕಟ್ಟು ಮತ್ತು ಬುಡದಲ್ಲಿ ಬೇರಿನ ಎಳೆಗಳಿರುವ ಒಂದು ಈರುಳ್ಳಿ. ಮಕ್ಕಳು ಎರಡರ ಬೇರನ್ನೂ ಬಿಡಿಸಿಕೊಂಡು, ಈರುಳ್ಳಿಯ ಎಲೆಯಲ್ಲಿ ಗೆರೆಗಳು ಹೇಗಿರಬೇಕೆಂದು ಊಹಿಸಿ ಬರಬೇಕು. ಈ ಸಲ ಬೇರು ನೋಡಿ ಎಲೆ ಹೇಳುವುದು.