ಆಲ್ಕೊಹಾಲ್ ಇಲ್ಲದ ಅತ್ತರು ಹಚ್ಚಿದರೂ ತುರಿಕೆ ಏಕೆ?

ಮುಂಬೈಯ ಮೊಹಮ್ಮದ್ ಅಲಿ ರಸ್ತೆಯಲ್ಲಿ, ಮಿನಾರಾ ಮಸೀದಿಯ ಸುತ್ತಮುತ್ತ ನೀವು ನಡೆದಾಡಿದ್ದರೆ ಅತ್ತರಿನ ಅಂಗಡಿಗಳನ್ನು ನೋಡಿರುತ್ತೀರಿ. ಅಂಗಡಿಯವರು ದೊಡ್ಡ ಬಾಟಲಿಯ ಗಾಜಿನ ಬಿರಟೆಯನ್ನು ನಿಮ್ಮ ಅಂಗೈ ಹಿಂಬದಿಗೆ ಸವರುತ್ತಾರೆ. ಇಷ್ಟವಾದರೆ 3 ಅಥವಾ 6 ಮಿಲಿಲೀಟರಿನ ಪುಟ್ಟ ಸೀಸೆಗೆ ತುಂಬಿ ಕೊಡುತ್ತಾರೆ. "ಇದರಲ್ಲಿ ಆಲ್ಕೊಹಾಲ್ ಇಲ್ಲ" ಎಂಬ ಮಾತನ್ನೂ ಹೇಳುತ್ತಾರೆ, ಅದು ಬಹುಪಾಲು ನಿಜವೇ. ನಮಾಜಿಗೆ ಹೋಗುವವರು, ಮದ್ಯಸಾರ ಮೈಗೆ ತಾಗಬಾರದೆಂದು ನಂಬುವವರು, ಸ್ಪ್ರೇ ಹೊಡೆದರೆ ಚರ್ಮ ಉರಿಯುತ್ತದೆ ಎನ್ನುವವರು, ಎಲ್ಲರೂ ಆ ಒಂದು ಮಾತಿಗಾಗಿಯೇ ಅಲ್ಲಿಗೆ ಹೋಗುತ್ತಾರೆ.

ಆದರೆ ಔಷಧ ಅಂಗಡಿಯ ಕೌಂಟರಿನಲ್ಲಿ ನಿಂತಾಗ ನನಗೆ ಎದುರಾಗುವ ಪ್ರಶ್ನೆ ಬೇರೆ: "ಆಲ್ಕೊಹಾಲ್ ಇಲ್ಲದ್ದನ್ನೇ ತಂದೆ, ಆದರೂ ತುರಿಕೆ ಏಕೆ?" ಈ ಬರಹ ಆ ಪ್ರಶ್ನೆಯ ಬಗ್ಗೆ.

ಭಟ್ಕಳದ ಕಡೆಯವರೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು 45, ಮಸ್ಜಿದ್ ಬಂದರಿನ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಮೊದಲು ಶುಕ್ರವಾರ ಮಾತ್ರ ಗುಲಾಬಿ ಅತ್ತರು ಹಚ್ಚುತ್ತಿದ್ದರು, ಈಗ ದಿನವೂ ಹಚ್ಚುತ್ತಾರೆ. ಎರಡೂ ಮಣಿಕಟ್ಟಿಗೆ ಒಂದೊಂದು ಹನಿ. ಜೊತೆಗೆ ಹಳೆಯ ರೂಢಿಯಂತೆ, ಅತ್ತರಿನಲ್ಲಿ ಅದ್ದಿದ ಹತ್ತಿಯ ಚಿಕ್ಕ ಉಂಡೆ ಬಲಗಿವಿಯ ಮಡಿಕೆಯಲ್ಲಿ. ಎರಡು ತಿಂಗಳ ನಂತರ ಕಿವಿಯ ಮಡಿಕೆಯಲ್ಲಿ ಕೆಂಪು, ತುರಿಕೆ, ಸಣ್ಣ ಗುಳ್ಳೆ, ಸ್ವಲ್ಪ ರಸ ಒಸರುವುದು ಶುರುವಾಯಿತು. ಆಮೇಲೆ ಮಣಿಕಟ್ಟಿಗೂ ಬಂತು. ಅಂಗಡಿಯವನು ಸ್ಪಿರಿಟ್ ಬೆರೆಸಿರಬೇಕೆಂದು ಅವರ ಅನುಮಾನ. ಹೊಸ ಅಂಗಡಿಯಿಂದ ಹೊಸ ಸೀಸೆ ತಂದರು. ತುರಿಕೆ ಹಾಗೆಯೇ ಇತ್ತು.

ಇಲ್ಲಿ ಎರಡು ತೊಂದರೆಗಳನ್ನು ಬೇರ್ಪಡಿಸಿ ನೋಡಬೇಕು. ಸ್ಪ್ರೇ ಸುಗಂಧದಲ್ಲಿರುವ ಎಥೈಲ್ ಆಲ್ಕೊಹಾಲ್ ಚರ್ಮಕ್ಕೆ ತಗುಲಿದ ಕೂಡಲೇ ಚುರ್ ಎನ್ನುತ್ತದೆ, ಒಡೆದ ಅಥವಾ ಎಕ್ಸಿಮಾ ಇರುವ ಚರ್ಮವಾದರೆ ಜೋರಾಗಿಯೇ ಉರಿಯುತ್ತದೆ. ಪದೇ ಪದೇ ಬಳಸಿದರೆ ಚರ್ಮ ಒಣಗುತ್ತದೆ. ಆದರೆ ಆ ಉರಿ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಸುಗಂಧದ ಅಲರ್ಜಿ ಹಾಗಲ್ಲ. ಹಚ್ಚಿದ ದಿನ ಏನೂ ಆಗುವುದಿಲ್ಲ. ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಕಳೆದ ಮೇಲೆ ತುರಿಕೆ ಶುರುವಾಗುತ್ತದೆ, ಹಚ್ಚಿದ ಜಾಗದಿಂದ ಆಚೆಗೂ ಹಬ್ಬುತ್ತದೆ, ನಿಲ್ಲಿಸಿದರೂ ವಾರಗಟ್ಟಲೆ ಉಳಿಯುತ್ತದೆ. ಇಷ್ಟು ವರ್ಷ ಹೊಂದಿಕೊಂಡಿದ್ದ ಸುಗಂಧಕ್ಕೇ ಅಲರ್ಜಿ ಹುಟ್ಟಬಹುದು, ಏಕೆಂದರೆ ದೇಹ ಆ ವಸ್ತುವನ್ನು ಶತ್ರುವೆಂದು ಗುರುತಿಸುವುದನ್ನು ನಿಧಾನವಾಗಿ ಕಲಿಯುತ್ತದೆ. ಒಮ್ಮೆ ಕಲಿತರೆ ಸುಲಭಕ್ಕೆ ಮರೆಯುವುದಿಲ್ಲ.

ಆಲ್ಕೊಹಾಲ್ ತೆಗೆದರೆ ಮೊದಲನೆಯ ತೊಂದರೆ ಹೋಗುತ್ತದೆ. ಎರಡನೆಯದು ಹೋಗುವುದಿಲ್ಲ, ಹೆಚ್ಚಲೂಬಹುದು. ಲೆಕ್ಕ ಹಾಕಿ ನೋಡಿ. ಸ್ಪ್ರೇ ಬಾಟಲಿಯ ಒಂದು ಒತ್ತಿಗೆ ಸುಮಾರು 0.1 ಮಿಲಿಲೀಟರ್ ಹೊರಬರುತ್ತದೆ ಎನ್ನೋಣ. ಅದರಲ್ಲಿ ಸುಗಂಧದ ಪಾಲು ಶೇ 15 ಆದರೆ ಚರ್ಮದ ಮೇಲೆ ಬೀಳುವ ಸುಗಂಧ 0.015 ಮಿಲಿಲೀಟರ್, ಅದೂ ಅಗಲವಾಗಿ ಹರಡಿ. ಅತ್ತರಿನ ಎರಡು ಹನಿಯೂ ಸುಮಾರು 0.1 ಮಿಲಿಲೀಟರ್. ಅದರಲ್ಲಿ ಅರ್ಧ ಸುಗಂಧವಿದ್ದರೆ 0.05 ಮಿಲಿಲೀಟರ್ ಆಯಿತು, ಅಂದರೆ ಮೂರು ಒತ್ತಿಗಿಂತಲೂ ಹೆಚ್ಚು. ಅದು ನಾಣ್ಯದಷ್ಟು ಜಾಗದಲ್ಲಿ ಎಣ್ಣೆಯೊಂದಿಗೆ ಕುಳಿತು ದಿನವಿಡೀ ಅಲ್ಲೇ ಇರುತ್ತದೆ. ಕಿವಿಯಲ್ಲಿಟ್ಟ ಹತ್ತಿಯಂತೂ ಮುಂಬೈಯ ಬೆವರಿನಲ್ಲಿ, ಲೋಕಲ್ ರೈಲಿನ ಸೆಕೆಯಲ್ಲಿ ಅಲರ್ಜಿಕಾರಕವನ್ನು ತೆಳುವಾದ ಚರ್ಮಕ್ಕೆ ಗಂಟೆಗಟ್ಟಲೆ ಒತ್ತಿ ಹಿಡಿದಂತೆ. ಭಟ್ಕಳದವರಿಗೆ ಮೊದಲು ಕಿವಿಯಲ್ಲೇ ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ.

ಅತ್ತರಿನಲ್ಲಿ ಇರುವುದೇನು? ಹಳೆಯ ಪದ್ಧತಿಯದು ಉತ್ತರ ಪ್ರದೇಶದ ಕನ್ನೌಜಿನದು. ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವು, ನೀರು ಹಾಕಿ ಕುದಿಸುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಸಾಗಿ, ನೀರಿನಲ್ಲಿ ಮುಳುಗಿಸಿಟ್ಟ ಭಪ್ಕಾ ಎಂಬ ಪಾತ್ರೆಯಲ್ಲಿ ತಣಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ, ಹೂವಿನ ಪರಿಮಳವನ್ನು ಅದು ಹಿಡಿದುಕೊಳ್ಳುತ್ತದೆ. ಇಡೀ ಕೆಲಸದಲ್ಲಿ ಮದ್ಯಸಾರದ ಪಾತ್ರವೇ ಇಲ್ಲ. ಆದರೆ ಶ್ರೀಗಂಧದ ಎಣ್ಣೆ ಎಷ್ಟು ದುಬಾರಿ ಎಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಹಾಗಾಗಿ ಇಂದು ಅಗ್ಗದ ಅತ್ತರುಗಳ ಆಧಾರ ದ್ರವ ಪ್ಯಾರಾಫಿನ್, ಡೈಪ್ರೊಪಿಲೀನ್ ಗ್ಲೈಕಾಲ್, ಡೈಎಥೈಲ್ ಥ್ಯಾಲೇಟ್ ಮುಂತಾದವು, ಪರಿಮಳ ಬಹುಮಟ್ಟಿಗೆ ಕೃತಕ. ಇವುಗಳಲ್ಲೂ ಎಥೈಲ್ ಆಲ್ಕೊಹಾಲ್ ಇರಬೇಕೆಂದಿಲ್ಲ. "ಆಲ್ಕೊಹಾಲ್ ಇಲ್ಲ" ಎಂಬ ಮಾತು ನಿಜವಾಗಿದ್ದರೂ ಸೀಸೆಯಲ್ಲಿ ಏನಿದೆ ಎಂಬುದನ್ನು ಅದು ಹೇಳುವುದಿಲ್ಲ.

ಶುದ್ಧ ಗುಲಾಬಿ ಎಣ್ಣೆಯಾದರೂ ಅದರಲ್ಲಿ ಸಿಟ್ರೊನೆಲ್ಲಾಲ್, ಜೆರಾನಿಯಾಲ್ ಇರುತ್ತವೆ. ಜೆರಾನಿಯಾಲ್, ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್ ಚರ್ಮ ವೈದ್ಯರು ಸುಗಂಧದ ಅಲರ್ಜಿಗೆ ಮಾಮೂಲಾಗಿ ಪರೀಕ್ಷಿಸುವ ವಸ್ತುಗಳು. "ನೈಸರ್ಗಿಕ" ಎಂಬ ಪದಕ್ಕೆ ಇಲ್ಲಿ ಬೆಲೆ ಇಲ್ಲ.

ಅನುವಾದ ಮಾಡುವಾಗ ನನ್ನನ್ನು ಕಾಡುವ ಮಾತೊಂದಿದೆ. ರಸಾಯನಶಾಸ್ತ್ರದಲ್ಲಿ ಆಲ್ಕೊಹಾಲ್ ಎಂಬುದು ಒಂದು ದೊಡ್ಡ ಕುಟುಂಬದ ಹೆಸರು. ಜೆರಾನಿಯಾಲ್ ಆ ಕುಟುಂಬದ್ದೇ, ಕ್ರೀಮುಗಳಲ್ಲಿರುವ ಮೇಣದಂಥ ಸೀಟೈಲ್ ಆಲ್ಕೊಹಾಲ್ ಕೂಡ. ಎಲ್ಲವನ್ನೂ ಕನ್ನಡದಲ್ಲಿ "ಮದ್ಯಸಾರ" ಎಂದು ಬರೆದುಬಿಟ್ಟರೆ ಓದಿದವರು ಗಾಬರಿಯಾಗುತ್ತಾರೆ. ಮದ್ಯದಲ್ಲಿರುವುದು ಎಥೈಲ್ ಆಲ್ಕೊಹಾಲ್. ಲೇಬಲ್ಲಿನಲ್ಲಿ ಅದು ಬರೀ "ಆಲ್ಕೊಹಾಲ್", "ಆಲ್ಕೊಹಾಲ್ ಡಿನ್ಯಾಟ್", "ಎಸ್‌ಡಿ ಆಲ್ಕೊಹಾಲ್" ಅಥವಾ "ಎಥನಾಲ್" ಎಂಬ ಹೆಸರಿನಲ್ಲಿ ಇರುತ್ತದೆ. ಕುಡಿಯಲಾಗದಂತೆ ಮಾಡಿದ ಅಂಥ ಆಲ್ಕೊಹಾಲನ್ನು ಮೈಗೆ ಹಚ್ಚಬಹುದೇ ಎಂಬುದರಲ್ಲಿ ಇಸ್ಲಾಮಿನ ವಿದ್ವಾಂಸರಲ್ಲೇ ಭಿನ್ನ ಅಭಿಪ್ರಾಯಗಳಿವೆ. ಅದನ್ನು ನೀವು ನಂಬುವ ಗುರುಗಳಲ್ಲೇ ಕೇಳಿ, ಅದು ಫಾರ್ಮಸಿಸ್ಟ್ ಉತ್ತರಿಸುವ ವಿಷಯವಲ್ಲ.

ಲೇಬಲ್ಲೇ ಇಲ್ಲದ ಸೀಸೆಯಾದರೆ? ಒಂದು ಹನಿಯನ್ನು ಅಂಗೈ ಹಿಂಬದಿಗೆ ಹಾಕಿ. ತಕ್ಷಣ ತಣ್ಣಗಾಗಿ ಬೇಗನೆ ಆರಿಹೋದರೆ ಸ್ಪಿರಿಟ್ ಇರುವ ಸಾಧ್ಯತೆ ಹೆಚ್ಚು. ಎಣ್ಣೆಯ ಜಿಡ್ಡು ಹಾಗೆಯೇ ಉಳಿದರೆ ಕಡಿಮೆ. ಆದರೆ ಎಣ್ಣೆಗೆ ಸ್ವಲ್ಪವೇ ಸ್ಪಿರಿಟ್ ಬೆರೆಸಿದ್ದರೆ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಧಾರ್ಮಿಕ ಕಾರಣಕ್ಕೆ ಖಚಿತತೆ ಬೇಕಿದ್ದವರು ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಘಟಕಗಳ ಪಟ್ಟಿ ಮುದ್ರಿಸಿರುವ ಮುಚ್ಚಿದ ಪೆಟ್ಟಿಗೆಯದನ್ನೇ ಕೊಳ್ಳುವುದು ಮೇಲು. ಬೆಂಕಿಕಡ್ಡಿ ಗೀರಿ ನೋಡುವ ಪರೀಕ್ಷೆಯನ್ನಂತೂ ದಯವಿಟ್ಟು ಮಾಡಬೇಡಿ.

ಹೊಸ ಅತ್ತರನ್ನು ಬಳಸುವ ಮೊದಲು ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಚರ್ಮದಲ್ಲಿ ಈಗ ಯಾವ ಗಾಯ, ಎಕ್ಸಿಮಾ ಇರಬಾರದು. ಒಂದು ಹನಿ ಅತ್ತರನ್ನು 19 ಹನಿ ಶುದ್ಧ ತೆಂಗಿನೆಣ್ಣೆಗೆ ಬೆರೆಸಿ. ಎಡ ಮುಂಗೈಯ ಒಳಬದಿಗೆ, ಮೊಣಕೈ ಹತ್ತಿರ, ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ ಹಚ್ಚಿ. ಬಲಗೈಯ ಅದೇ ಜಾಗಕ್ಕೆ ಬರೀ ತೆಂಗಿನೆಣ್ಣೆ ಹಚ್ಚಿ, ತೊಂದರೆ ಎಣ್ಣೆಯದೋ ಅತ್ತರಿನದೋ ತಿಳಿಯಲು ಅದು ಬೇಕು. ಹೀಗೆ 14 ದಿನ ನಡೆಸಿ. ಎಡಗೈಯಲ್ಲಿ ಮಾತ್ರ ಕೆಂಪು, ತುರಿಕೆ ಬಂದರೆ ಅಂದೇ ನಿಲ್ಲಿಸಿ ತೊಳೆಯಿರಿ. ಆ ಅತ್ತರು ನಿಮಗಲ್ಲ. ಏನೂ ಬರದಿದ್ದರೆ ಒಳ್ಳೆಯ ಸೂಚನೆ, ಆದರೆ ಮುಂದೆಂದೂ ಅಲರ್ಜಿ ಆಗದೆಂಬ ಖಾತರಿಯಲ್ಲ. ಅತ್ತರನ್ನು ನೇರವಾಗಿ ಹಚ್ಚಿ ಮೇಲೆ ಪಟ್ಟಿ ಅಂಟಿಸಬೇಡಿ, ಚರ್ಮ ಸುಟ್ಟಂತಾಗಬಹುದು.

ಈಗಾಗಲೇ ತುರಿಕೆ ಬಂದಿದ್ದರೆ ಈ ಪರೀಕ್ಷೆ ಬೇಡ. ನಮ್ಮ ಭಟ್ಕಳದವರು ಇಲ್ಲಿ ಇನ್ನೊಂದು ತಪ್ಪು ಮಾಡಿದ್ದರು: ಔಷಧ ಅಂಗಡಿಯಿಂದ ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರೂ ಬೆರೆತ ಕ್ರೀಮು ಕೇಳಿ ತಂದು ಹಚ್ಚಿದರು. ತುರಿಕೆ ನಿಂತಿತು, ಅತ್ತರು ಮುಂದುವರಿಯಿತು, ಕ್ರೀಮು ಬಿಟ್ಟ ವಾರಕ್ಕೆ ಮತ್ತೆ ಬಂತು. ಸ್ಟೀರಾಯ್ಡ್ ಅಲರ್ಜಿಯನ್ನು ಮುಚ್ಚಿಡುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ವೈದ್ಯರು ಹೇಳದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ.

ಸರಿಯಾದ ದಾರಿ ಪ್ಯಾಚ್ ಟೆಸ್ಟ್. ಮುಂಬೈಯಲ್ಲಿ ಪರೇಲಿನ ಕೆಇಎಂ, ಸಯನ್, ನಾಯರ್, ಜೆ.ಜೆ. ಇವೆಲ್ಲ ಚರ್ಮರೋಗ ವಿಭಾಗವಿರುವ ಸರ್ಕಾರಿ ಅಥವಾ ಪಾಲಿಕೆ ಆಸ್ಪತ್ರೆಗಳು. ಪರೀಕ್ಷೆ ಯಾವ ದಿನ ಎಂದು ಹೊರರೋಗಿ ವಿಭಾಗದಲ್ಲಿ ವಿಚಾರಿಸಿ. ಬೆನ್ನಿನ ಮೇಲೆ ಸಣ್ಣ ಸಣ್ಣ ವಸ್ತುಗಳ ಪಟ್ಟಿ ಅಂಟಿಸುತ್ತಾರೆ. 48 ಗಂಟೆ ಬೆನ್ನು ನೆನೆಸುವಂತಿಲ್ಲ, ಬೆವರು ಸುರಿಯುವ ಕೆಲಸವೂ ಬೇಡ, ಹಾಗಾಗಿ ಮೇ ತಿಂಗಳಿಗಿಂತ ತಂಪಿನ ದಿನ ಅನುಕೂಲ. ಪಟ್ಟಿ ತೆಗೆದಾಗ ಒಮ್ಮೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಆ ಎರಡನೆಯ ಭೇಟಿಯನ್ನು ತಪ್ಪಿಸಬೇಡಿ, ತಡವಾಗಿ ಕಾಣುವ ಅಲರ್ಜಿ ಆಗಲೇ ಸಿಗುವುದು. ನೀವು ಬಳಸುವ ಅತ್ತರಿನ ಸೀಸೆಯನ್ನೇ ಜೊತೆಗೆ ಒಯ್ಯಿರಿ. ಸ್ಟೀರಾಯ್ಡ್ ಮಾತ್ರೆ ಅಥವಾ ಕ್ರೀಮು ಬಳಸುತ್ತಿದ್ದರೆ ಮೊದಲೇ ಹೇಳಿ, ಫಲಿತಾಂಶ ತಪ್ಪಾಗಬಹುದು. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಜೆರಾನಿಯಾಲಿಗೆ ಅಲರ್ಜಿ ಎಂದು ತಿಳಿದರೆ ಗುಲಾಬಿ ಅತ್ತರು ಬಿಟ್ಟರೆ ಸಾಲದು. ಸುಗಂಧವಿರುವ ಸೋಪು, ತಲೆಗೆ ಹಾಕುವ ಎಣ್ಣೆ, ಪೌಡರುಗಳನ್ನೂ ನೋಡಬೇಕು. ತುರಿಕೆ ಹೋದ ಮೇಲೂ ನಮ್ಮಂಥ ಕಂದು ಚರ್ಮದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದು ಅಲರ್ಜಿ ಮುಂದುವರಿದಿದೆ ಎಂದಲ್ಲ, ಉಜ್ಜಿ ತೆಗೆಯಲು ಹೋಗಬೇಡಿ.

ಅಲರ್ಜಿ ಇಲ್ಲದವರು, ಎಕ್ಸಿಮಾ ಆಗಾಗ ಬರುವವರು ಅತ್ತರನ್ನು ಚರ್ಮಕ್ಕಲ್ಲದೆ ಬಟ್ಟೆಗೆ ಹಚ್ಚಬಹುದು: ಕುರ್ತಾದ ಕೆಳ ಅಂಚಿನ ಹೊರಬದಿಗೆ ಅಥವಾ ಕರವಸ್ತ್ರಕ್ಕೆ ಅರ್ಧ ಹನಿ. ಬಿಳಿ ಬಟ್ಟೆಯಲ್ಲಿ ಎಣ್ಣೆಯ ಕಲೆ ಬೀಳುತ್ತದೆ. ಮನೆಯಲ್ಲಿ ಉಬ್ಬಸದವರು, ಎಳೆಯ ಮಕ್ಕಳು ಇದ್ದರೆ ಅದೂ ಕಡಿಮೆಯಿರಲಿ. ಮಗುವಿನ ಕಿವಿಗೆ, ಮೈಗೆ ಅತ್ತರು ಹಚ್ಚುವುದೇ ಬೇಡ.

ಸೀಸೆಯ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಕಿಟಕಿಯ ಬಿಸಿಲಿನಿಂದ ದೂರ, ಕಪಾಟಿನಲ್ಲಿಡಿ. ಲಿಂಬೆ, ಕಿತ್ತಳೆ, ಲ್ಯಾವೆಂಡರ್ ಪರಿಮಳದ ಅತ್ತರುಗಳಲ್ಲಿರುವ ಲಿಮೊನೀನ್, ಲಿನಲೂಲ್ ಎಂಬ ವಸ್ತುಗಳು ಗಾಳಿ ತಗುಲಿ ಹಳಸಿದಾಗ ಮೊದಲಿಗಿಂತ ಹೆಚ್ಚು ಅಲರ್ಜಿ ತರುತ್ತವೆ. ಇಂಥವನ್ನು ತೋಲಾಗಟ್ಟಲೆ ಕೊಂಡಿಡಬೇಡಿ, 3 ಮಿಲಿಲೀಟರಿನ ಸೀಸೆ ಸಾಕು. ತೆರೆದಾಗ ಹಳೆಯ ಬಣ್ಣದ ಡಬ್ಬಿಯ, ಟರ್ಪೆಂಟೈನಿನ ವಾಸನೆ ಬಂದರೆ ಅದನ್ನು ಮೈಗೆ ಹಚ್ಚದೆ ಎಸೆಯಿರಿ.