ಹುಬ್ಬು ಯಾರದು, ಕಾಡಿಗೆ ಯಾರದು

ಸಿನಿಮಾದಲ್ಲಿ ಡ್ಯೂಪ್ ಕಲಾವಿದರ ಮೈಮೇಲೆ ನಟ ನಟಿಯರ ಮುಖ ಕೂರಿಸುವಾಗ ಹೆಚ್ಚು ಕಾಡುವುದು ಮೂಗು, ಕೆನ್ನೆಗಳಲ್ಲ. ಹುಬ್ಬು ಮತ್ತು ರೆಪ್ಪೆಗೂದಲು. ಕೆನ್ನೆಯ ಬಣ್ಣ ಮೆಲ್ಲಗೆ ಬದಲಾಗುವುದರಿಂದ ಒಬ್ಬರ ಕೆನ್ನೆಯನ್ನು ಇನ್ನೊಬ್ಬರ ಕೆನ್ನೆಯೊಳಗೆ ಕರಗಿಸಬಹುದು. ಹುಬ್ಬಿಗೆ ಆ ಸೌಲಭ್ಯವಿಲ್ಲ. ಕೂದಲು ಒಂದು ಕಡೆ ಇರುತ್ತದೆ, ಪಕ್ಕದಲ್ಲಿ ಇರುವುದಿಲ್ಲ. ಎರಡು ಹುಬ್ಬುಗಳನ್ನು ಕರಗಿಸಿದರೆ ಸಿಗುವುದು ಒಂದು ಹೊಸ ಹುಬ್ಬಲ್ಲ, ಎರಡು ಮಸುಕು ಹುಬ್ಬು. ಗುರುತಿನ ವಿಷಯದಲ್ಲೂ ಹುಬ್ಬಿನ ಪಾಲು ದೊಡ್ಡದು. ಪ್ರಸಿದ್ಧರ ಚಿತ್ರಗಳಿಂದ ಕಣ್ಣನ್ನು ಅಳಿಸಿದಾಗ ತಪ್ಪುವುದಕ್ಕಿಂತ ಹುಬ್ಬನ್ನು ಅಳಿಸಿದಾಗ ಗುರುತು ಹೆಚ್ಚು ತಪ್ಪುತ್ತದೆ ಎಂದು 2003ರಲ್ಲಿ ಪ್ರಕಟವಾದ ಸದರ್, ಜರೂದಿ, ಸಿನ್ಹಾ ಅವರ ಅಧ್ಯಯನ ತೋರಿಸಿತು. 2016ರ ‘ನಾಗರಹಾವು’ ಚಿತ್ರದಲ್ಲಿ ದಿವಂಗತ ವಿಷ್ಣುವರ್ಧನ್ ಅವರನ್ನು ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಗೆ ತಂದಾಗ ಕನ್ನಡದ ಪ್ರೇಕ್ಷಕರು ಮೊದಲು ಹುಡುಕಿದ್ದೂ ಅವರ ಕಣ್ಣು ಹುಬ್ಬುಗಳ ಸುತ್ತಲೇ ಇದ್ದಿರಬೇಕು.

ಒಂದು ಉದಾಹರಣೆ ಹಿಡಿದು ನೋಡಬಹುದು. ಚಿತ್ರದಲ್ಲಿ ಭರತನಾಟ್ಯದ ಒಂದು ದೃಶ್ಯವಿದೆ. ಕುಣಿದವಳು ನುರಿತ ನರ್ತಕಿ. ತೆರೆಯ ಮೇಲೆ ಕಾಣಬೇಕಾದದ್ದು ನಟಿಯ ಮುಖ. ನರ್ತಕಿಯ ತೆಳು ಹುಬ್ಬಿನ ಮೇಲೆ ಕಪ್ಪು ಪೆನ್ಸಿಲ್‌ನಿಂದ ಎತ್ತರದ ಕಮಾನು ತೀಡಲಾಗಿದೆ, ಕಾಡಿಗೆಯನ್ನು ಕಣ್ಣಿನ ಹೊರತುದಿಯಿಂದ ಮೀನಿನ ಬಾಲದಂತೆ ಎಳೆಯಲಾಗಿದೆ, ಕೃತಕ ರೆಪ್ಪೆ ಅಂಟಿಸಲಾಗಿದೆ. ನಟಿಯ ಹುಬ್ಬಾದರೋ ದಪ್ಪ, ನೇರ, ಕಣ್ಣಿಗೆ ಹತ್ತಿರ. ಅವಳ ಮುಖದ ಮಾದರಿಗೆಂದು ಹಿಡಿದ ಚಿತ್ರಗಳಲ್ಲಿ ಮೇಕಪ್ಪೇ ಇಲ್ಲ.

ಡೀಪ್‌ಫೇಸ್‌ಲ್ಯಾಬ್‌ನಂಥ ತಂತ್ರಾಂಶಗಳಲ್ಲಿ ಇಬ್ಬರ ಮುಖವನ್ನೂ ಓದುವ ಭಾಗ ಒಂದೇ, ಮತ್ತೆ ಬರೆಯುವ ಭಾಗ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ನರ್ತಕಿಯ ಫ್ರೇಮನ್ನು ಓದಿ, ಅದೇ ಭಾವವನ್ನು ನಟಿಯ ಮುಖದಲ್ಲಿ ಬರೆಯುವುದು ಅದರ ಕೆಲಸ. ನಟಿಯ ಕಡೆಯ ಭಾಗ ಕಲಿತದ್ದು ಅವಳ ಬರಿಮುಖವನ್ನು. ಕಂಡಿರದ ಕಾಡಿಗೆಯನ್ನು ಅದು ಬರೆಯಲಾರದು. ಇನ್ನು ಮಾದರಿಗಳಲ್ಲಿ ಅರ್ಧ ಮೇಕಪ್ಪಿನವು, ಅರ್ಧ ಬರಿಮುಖದವು ಬೆರೆತಿದ್ದರೆ ಪಾಡು ಇನ್ನೂ ಕೆಟ್ಟದ್ದು: ತಲೆ ಒಂದಿಷ್ಟು ತಿರುಗಿದಾಗ ಐಲೈನರ್ ಬರುತ್ತದೆ, ಮತ್ತೊಂದಿಷ್ಟು ತಿರುಗಿದಾಗ ಹೋಗುತ್ತದೆ. ಆದ್ದರಿಂದ ಮಾದರಿಗಳನ್ನು ಆರಿಸುವಾಗ ಒಂದೇ ಬಗೆಯ ಮೇಕಪ್ ಇರುವಂತೆ ಜರಡಿ ಹಿಡಿಯುವುದು ಮೊದಲ ಕೆಲಸ.

ಮೊದಲ ಸುತ್ತಿನ ಫಲಿತಾಂಶದಲ್ಲಿ ನಟಿಯ ಹುಬ್ಬಿನ ಮೇಲೆ, ಬೆರಳಗಲ ಎತ್ತರದಲ್ಲಿ, ನರ್ತಕಿಯ ಪೆನ್ಸಿಲ್ ಕಮಾನು ನೆರಳಿನಂತೆ ಉಳಿದಿರುತ್ತದೆ. ಹೊಸ ಮುಖ ಎಲ್ಲಿಯವರೆಗೆ ಬರಬೇಕು ಎಂದು ಹೇಳುವ ಮಾಸ್ಕ್‌ನ ಅಂಚು ಹುಬ್ಬಿನ ಸಾಲಿನಲ್ಲೇ ಹಾದುಹೋಗಿದ್ದರ ಫಲ ಇದು. ಮಾಸ್ಕನ್ನು ಹಣೆಯವರೆಗೆ ಎತ್ತಿದರೆ ಅರ್ಧ ತೊಂದರೆ ಕಳೆಯುತ್ತದೆ. ಆದರೆ ನರ್ತಕಿಯ ನೆತ್ತಿಬೊಟ್ಟು, ಬೈತಲೆ ಸರ ಹಣೆಯ ಮೇಲೇ ಇವೆ. ಮಾಸ್ಕ್ ಎತ್ತಿದರೆ ಅವೂ ಅಳಿಸಿಹೋಗುತ್ತವೆ. ಇಂಥ ಕಡೆ ಹೆಚ್ಚು ನಂಬಬಹುದಾದ ದಾರಿಯೆಂದರೆ ಮೂಲ ದೃಶ್ಯದಲ್ಲೇ ನರ್ತಕಿಯ ಹುಬ್ಬನ್ನು ಅಳಿಸುವುದು. ಒಂದು ಫ್ರೇಮಿನಲ್ಲಿ ಹಣೆಯ ಚರ್ಮವನ್ನು ತೆಗೆದು ಹುಬ್ಬಿನ ಮೇಲೆ ತೇಪೆ ಹಾಕಿ, ಆ ತೇಪೆ ಮುಖದ ಚಲನೆಯ ಜೊತೆಗೇ ಸಾಗುವಂತೆ ಉಳಿದ ಫ್ರೇಮುಗಳಿಗೆ ಹರಡುತ್ತಾರೆ. ಹುಬ್ಬಿಲ್ಲದ ಆ ಮುಖ ನೋಡಲು ಭಯಂಕರ. ಅದರ ಮೇಲೆ ನಟಿಯ ಮುಖ ಕೂತಾಗ ಮಾತ್ರ ಕೆಳಗಿನಿಂದ ಇಣುಕಲು ಏನೂ ಉಳಿದಿರುವುದಿಲ್ಲ.

ಈ ಅಳಿಸುವಿಕೆಯನ್ನು ಮುಖ ಬದಲಿಸಿದ ನಂತರದ ಜೋಡಣೆಗೆ ಇಟ್ಟುಕೊಳ್ಳಬೇಕು. ತಂತ್ರಾಂಶ ಓದುವ ಪ್ರತಿಯಲ್ಲಿ ಹುಬ್ಬು ಇರಲೇಬೇಕು, ಇಲ್ಲದಿದ್ದರೆ ಹುಬ್ಬಿನ ಆಟ ಅದಕ್ಕೆ ತಿಳಿಯುವುದೇ ಇಲ್ಲ. ಇದ್ದರೂ ಒಂದು ಎಡವಟ್ಟಿದೆ. ಮುಖದ ಚಹರೆ ಗುರುತಿಸಲು ಬಹಳ ಕಾಲದಿಂದ ಬಳಕೆಯಲ್ಲಿರುವ 68 ಬಿಂದುಗಳ ಪದ್ಧತಿಯಲ್ಲಿ ಒಂದೊಂದು ಹುಬ್ಬಿಗೆ 5 ಬಿಂದುಗಳಿವೆ. ತೀಡಿದ ಹುಬ್ಬು, ಹುಟ್ಟು ಹುಬ್ಬು ಎಂಬ ಭೇದ ಅವಕ್ಕಿಲ್ಲ. ಎತ್ತರದ ಕಮಾನನ್ನು ಕಂಡ ತಂತ್ರಾಂಶ ಅದನ್ನು ‘ಹುಬ್ಬೇರಿಸಿದ ಮುಖ’ ಎಂದೇ ಓದಬಹುದು. ಆಗ ನರ್ತಕಿ ಸುಮ್ಮನೆ ನಿಂತಿದ್ದರೂ ನಟಿಯ ಮುಖದಲ್ಲಿ ಅಚ್ಚರಿ ಮೂಡುತ್ತದೆ. ಪತ್ತೆ ಮಾಡಲು ನರ್ತಕಿ ಯಾವ ಭಾವವೂ ಇಲ್ಲದೆ ನಿಂತ ಫ್ರೇಮನ್ನು ಆರಿಸಿ, ನಟಿಯ ಸಹಜ ಫೋಟೋದ ಪಕ್ಕದಲ್ಲಿಟ್ಟು, ಕಣ್ಣಿನಿಂದ ಹುಬ್ಬಿಗಿರುವ ದೂರ ಅಳೆದರೆ ಸಾಕು. ಅಲ್ಲಿ ಕಂಡ ವ್ಯತ್ಯಾಸದಷ್ಟು ಹುಬ್ಬನ್ನು ಇಡೀ ದೃಶ್ಯದಲ್ಲಿ ಕೆಳಗೆ ಎಳೆಯುತ್ತಾರೆ. ಆಕಾರ ನಟಿಯದು, ಏರಿಳಿತ ನರ್ತಕಿಯದು ಎಂಬ ಹಂಚಿಕೆ ಹೀಗೆ ಉಳಿಯುತ್ತದೆ.

ರೆಪ್ಪೆಗೂದಲಿನ ಕಥೆ ಬೇರೆ. ಆ 68ರಲ್ಲಿ ರೆಪ್ಪೆಗೂದಲಿಗೆಂದು ಒಂದು ಬಿಂದುವೂ ಇಲ್ಲ. ಇಪ್ಪತ್ತು ಸೆಂಟಿಮೀಟರ್ ಅಗಲದ ಮುಖಭಾಗವನ್ನು 256 ಪಿಕ್ಸೆಲ್‌ಗಳಲ್ಲಿ ಹಿಡಿದರೆ ಒಂದು ಪಿಕ್ಸೆಲ್ಲಿಗೆ ಸುಮಾರು 0.8 ಮಿಲಿಮೀಟರ್ ಬೀಳುತ್ತದೆ. ರೆಪ್ಪೆಯ ಒಂದು ಕೂದಲಿನ ದಪ್ಪ ಅದರ ಎಂಟನೇ ಒಂದರಷ್ಟೂ ಆಗುವುದಿಲ್ಲ. ಹಾಗಾಗಿ ಯಂತ್ರ ಬರೆಯುವುದು ಕೂದಲನ್ನಲ್ಲ, ರೆಪ್ಪೆಯಂಚಿನ ಒಂದು ಕಪ್ಪು ಮಸಿಯನ್ನು. ದೂರದ ಶಾಟ್‌ಗೆ ಆ ಮಸಿ ಸಾಕು. ಕ್ಲೋಸಪ್‌ನಲ್ಲಿ ಅದು ನಿದ್ದೆಗೆಟ್ಟ ಕಣ್ಣಿನಂತೆ ಕಾಣುತ್ತದೆ.

ಕ್ಲೋಸಪ್‌ಗೆ ರೆಪ್ಪೆಗೂದಲನ್ನು ಬೇರೆಯೇ ಪದರದಲ್ಲಿ ಕಟ್ಟಬೇಕಾಗುತ್ತದೆ. ಮೊದಲು ಮಸಿಯನ್ನು ತಿಳಿಯಾಗಿಸಿ, ನಟಿಯ ಮೇಲ್ರೆಪ್ಪೆಯ ಅಂಚನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುವ ಗೆರೆ ಎಳೆಯುತ್ತಾರೆ. ಕಾಡಿಗೆ ಕೂರುವುದು ಆ ಗೆರೆಯ ಮೇಲೆ. ಮೀನಬಾಲವನ್ನು ನರ್ತಕಿಯ ಕಣ್ಣಿನಿಂದ ಕತ್ತರಿಸಿ ತಂದರೆ ಹೊಂದುವುದಿಲ್ಲ, ಏಕೆಂದರೆ ನಟಿಯ ಕಣ್ಣಿನ ಹೊರಮೂಲೆ ಇರುವ ಜಾಗವೇ ಬೇರೆ. ಅವಳ ಮೂಲೆಯಿಂದಲೇ ಹೊರಡುವಂತೆ ಹೊಸದಾಗಿ ಬರೆಯಬೇಕು. ಕೂದಲುಗಳು ಬುಡದಲ್ಲಿ ದಪ್ಪ, ತುದಿಯಲ್ಲಿ ಚೂಪು. ಕೃತಕ ರೆಪ್ಪೆಯಾದ್ದರಿಂದ ಸಾಲು ಒತ್ತಾಗಿರಬೇಕು, ಆದರೆ ಬಾಚಣಿಗೆಯ ಹಲ್ಲಿನಂತೆ ಸಮನಾಗಿ ನಿಂತರೆ ಕೆಟ್ಟಿತು. ಮೂರು ನಾಲ್ಕು ಕೂದಲು ತುದಿಯಲ್ಲಿ ಅಂಟಿಕೊಂಡಂತೆ ಗುಂಪುಗುಂಪಾಗಿರುವುದು ಸಹಜ. ಕಣ್ಣಿನ ಬಿಳಿಯ ಮೇಲೆ ರೆಪ್ಪೆಯ ತೆಳು ನೆರಳು ಬೀಳದಿದ್ದರೆ, ಎಷ್ಟು ಚೆನ್ನಾಗಿ ಬರೆದಿದ್ದರೂ ಅಂಟಿಸಿದ ಸ್ಟಿಕ್ಕರಿನಂತೆಯೇ ತೋರುತ್ತದೆ.

ನಿಜವಾದ ಪರೀಕ್ಷೆ ಕಣ್ಣು ಮಿಟುಕಿಸುವಾಗ. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಒಂದು ಮಿಟುಕು ಕೆಲವೇ ಫ್ರೇಮುಗಳ ಆಟ. ಆ ಕೆಲವು ಫ್ರೇಮುಗಳಲ್ಲಿ ಕೂದಲು ಮೇಲಿನಿಂದ ಕೆಳಕ್ಕೆ ಹೊರಳುತ್ತದೆ, ಅದುವರೆಗೆ ಮಡಿಕೆಯಲ್ಲಿ ಅಡಗಿದ್ದ ಕಾಡಿಗೆಯ ಪಟ್ಟಿ ಪೂರ್ತಿ ತೆರೆದುಕೊಳ್ಳುತ್ತದೆ. ನಟಿಯ ಮಾದರಿಗಳಲ್ಲಿ ಮುಚ್ಚಿದ ಕಣ್ಣಿನ ಚಿತ್ರಗಳು ಸಾಲದಿದ್ದರೆ ಕಣ್ಣು ಪೂರ್ತಿ ಮುಚ್ಚದೆ ಬಿಳಿಗೆರೆ ಉಳಿಯುತ್ತದೆ, ರೆಪ್ಪೆಯ ಪದರ ನಿಲ್ಲಲು ನೆಲೆಯೇ ಇರುವುದಿಲ್ಲ. ಮುಖ ಎತ್ತಿ, ತಗ್ಗಿಸಿ, ಕಣ್ಣು ಮುಚ್ಚಿ, ಅರೆ ಮುಚ್ಚಿ ಹಿಡಿದ ಹೆಚ್ಚುವರಿ ಚಿತ್ರಗಳನ್ನು ಸೇರಿಸದೆ ಇದಕ್ಕೆ ಮದ್ದಿಲ್ಲ.

ಬಣ್ಣ ಹೊಂದಿಸುವಾಗಲೂ ಮೇಕಪ್ ತೊಡರುಗಾಲು ಕೊಡುತ್ತದೆ. ಸಾಮಾನ್ಯ ವಿಧಾನಗಳು ಎರಡು ಮುಖಗಳ ಬಣ್ಣದ ಸರಾಸರಿಯನ್ನೂ ಹರವನ್ನೂ ಸರಿದೂಗಿಸುತ್ತವೆ. ನರ್ತಕಿಯ ಮುಖದಲ್ಲಿ ಕಡುಕಪ್ಪು ಹೆಚ್ಚಾಗಿರುವುದರಿಂದ ನಟಿಯ ಚರ್ಮದ ಮೇಲೆ ಆ ಕಪ್ಪಿನ ಹೊರೆ ಬಿದ್ದು, ಕೆನ್ನೆಯ ನೆರಳು ಗಡುಸಾಗುತ್ತದೆ. ಹುಬ್ಬು, ಕಣ್ಣು, ತುಟಿಗಳನ್ನು ಲೆಕ್ಕದಿಂದ ಹೊರಗಿಟ್ಟು ಬರಿಯ ಚರ್ಮದಿಂದ ಬಣ್ಣ ಹೊಂದಿಸಿ, ಕಾಡಿಗೆಯ ಕಪ್ಪನ್ನು ಕೊನೆಗೆ ಕಣ್ಣಳತೆಯಲ್ಲಿ ಕೂರಿಸುವುದು ಮೇಲು.

ಮುಗಿದ ಶಾಟನ್ನು ನೋಡುವ ಕ್ರಮವೂ ಒಂದಿದೆ. ಮೂಗಿನ ಸೇತುವೆಯನ್ನು ಪರದೆಯ ಮಧ್ಯಕ್ಕೆ ಕಟ್ಟಿಹಾಕಿ, ತಲೆ ಅಲುಗದಂತೆ ಮಾಡಿ, ಹುಬ್ಬುಗಳನ್ನಷ್ಟೇ ದಿಟ್ಟಿಸಬೇಕು. ಚರ್ಮದ ಜೊತೆ ಏರಿಳಿದರೆ ಸರಿ. ಚರ್ಮ ನಿಂತಿದ್ದು ಹುಬ್ಬು ಜಾರಿದರೆ ಹಿಂಬಾಲಿಸುವ ಗೆರೆ ತಪ್ಪಿದೆ. ಹುಬ್ಬಿನ ಬಾಲ ಮಾತ್ರ ಮಿನುಗಿದರೆ ಮಾಸ್ಕ್‌ನ ಅಂಚು ಇನ್ನೂ ಅದರ ಮೇಲೇ ಕೂತಿದೆ. ಮುಖ ಪೂರ್ತಿ ಪಕ್ಕಕ್ಕೆ ತಿರುಗಿದ ಫ್ರೇಮುಗಳಲ್ಲಿ ಮಾತ್ರ ಇದಾವುದೂ ಚೆನ್ನಾಗಿ ನಡೆಯುವುದಿಲ್ಲ: ಆಚೆಯ ಹುಬ್ಬು ಮರೆಯಾಗಿ, ರೆಪ್ಪೆಗೂದಲು ಮುಖದ ಗೆರೆಯಿಂದ ಹೊರಚಾಚಿ ಹಿನ್ನೆಲೆಯ ಮೇಲೆ ಬೀಳುತ್ತದೆ. ಅಂಥ ಫ್ರೇಮುಗಳಲ್ಲಿ ನರ್ತಕಿಯ ಕೃತಕ ರೆಪ್ಪೆಯನ್ನೇ ಉಳಿಸಿಕೊಂಡು, ಬುಡವನ್ನಷ್ಟೇ ನಟಿಯ ರೆಪ್ಪೆಗೆ ಹೊಂದುವಂತೆ ಬಾಗಿಸುತ್ತಾರೆ.